ಆಂಟೆನಾ ಉದ್ದಾತು, ಮ್ಯಾಲಿನ ರೂಮಿಗೆ ವೈಫೈ ಹೋತು!

ಧಾರವಾಡದ ಸಪ್ತಾಪುರದ ಪಿಜಿಗಳಲ್ಲಿ ಇದ್ದವರಿಗೆ ಈ ಜಗಳ ಗೊತ್ತು: ರೌಟರ್ ಕೆಳಗಿನ ಮನೇಲಿ, ಆನ್‌ಲೈನ್ ಟೆಸ್ಟ್ ಬರೆಯೋರು ಮೇಲಿನ ಮಹಡೀಲಿ. ಅಂಥದ್ದೇ ಒಂದು ಕಟ್ಟಡದಲ್ಲಿರುವ ನನ್ನ ಗೆಳೆಯ, ರೌಟರ್ ಜೊತೆ ಬಂದಿದ್ದ 5 ಡಿಬಿಐ ಆಂಟೆನಾ ತೆಗೆದು 9 ಡಿಬಿಐ ಹಾಕಿದ. ವಾರದಲ್ಲೇ ಫೋನು: "ರೊಕ್ಕಾ ಕೊಟ್ಟು ಸಿಗ್ನಲ್ ಕಳಕೊಂಡೆ ನೋಡಪಾ."

ಆಂಟೆನಾಗೆ ಸ್ವಂತ ಶಕ್ತಿ ಅಂತ ಇರಲ್ಲ. ರೌಟರ್ ಕೊಟ್ಟಷ್ಟನ್ನೇ ಹಂಚುತ್ತೆ. ರೊಟ್ಟಿ ಬಡಿದ ಹಾಗೆ: ಹಿಟ್ಟಿನ ಮುದ್ದೆ ಅಷ್ಟೇ, ಬಡಿದಷ್ಟೂ ಅಗಲ ಆಗುತ್ತೆ, ತೆಳ್ಳಗೂ ಆಗುತ್ತೆ. ನೆಟ್ಟಗೆ ನಿಂತ ಕಡ್ಡಿ ಆಂಟೆನಾದಲ್ಲಿ ಡಿಬಿಐ ಹೆಚ್ಚಾದರೆ ಸಿಗ್ನಲ್ ಅಡ್ಡಡ್ಡ ದೂರ ಹೋಗುತ್ತೆ, ಮೇಲೆ-ಕೆಳಗೆ ಕಮ್ಮಿಯಾಗುತ್ತೆ.

ಲೆಕ್ಕ ನೋಡಿ. 5 ಡಿಬಿಐ ಆಂಟೆನಾದ ಮುಖ್ಯ ಪಟ್ಟಿಯ ದಪ್ಪ ಸುಮಾರು 40 ಡಿಗ್ರಿ. ಅಂದರೆ ಅಡ್ಡಗೆರೆಯಿಂದ ಮೇಲಕ್ಕೆ 20. ಮೇಲಿನ ಮಹಡಿ 3 ಮೀಟರ್ ಎತ್ತರದಲ್ಲಿದ್ದರೆ, ರೌಟರಿನಿಂದ 8 ಮೀಟರ್ ಆಚೆ ಅದು ಪಟ್ಟಿಯೊಳಗೆ ಬರುತ್ತೆ. 9 ಡಿಬಿಐ ಪಟ್ಟಿ ಸುಮಾರು 15 ಡಿಗ್ರಿ ಅಷ್ಟೇ. ಅಲ್ಲಿಗೆ 23 ಮೀಟರ್ ಬೇಕು. ಅಷ್ಟರಲ್ಲಿ ಪಕ್ಕದ ಮನೆ ದಾಟಿರ್ತೀರಿ! ಗೋಡೆಗೆ ಬಡಿದು ತಿರುಗಿ ಬರೋ ಸಿಗ್ನಲ್ ಇರೋದರಿಂದ ಪೂರ್ತಿ ಸೊನ್ನೆ ಆಗಲ್ಲ, ಆದ್ರೆ ರೂಮು ಅದರ ಉಳಿಕೆಯ ಮೇಲೆ ಬದುಕಬೇಕು.

ಹಾಗಾದರೆ ಲಾಭ ಎಲ್ಲಿ? ಒಂದೇ ಮಟ್ಟದಲ್ಲಿ ಉದ್ದಕ್ಕೆ ಹೋಗಬೇಕಾದಲ್ಲಿ. ಸಾಲು ಕೋಣೆಗಳ ಹಳೇ ಮನೆ, ಹಾಸ್ಟೆಲ್ ಕಾರಿಡಾರ್, ಹಿತ್ತಲಿನ ಶೆಡ್ಡು. ಫೋನಿನ ಕ್ಷೀಣ ದನಿಯನ್ನೂ ಇದೇ ಆಂಟೆನಾ ಚೆನ್ನಾಗಿ ಕೇಳಿಸಿಕೊಳ್ಳುತ್ತೆ, ಹಾಗಾಗಿ ಲಾಭ ಎರಡೂ ಕಡೆಗೆ. ಆದ್ರೆ ಅದೇ ಮಟ್ಟದ ಅಕ್ಕಪಕ್ಕದ ರೌಟರ್‌ಗಳ ಗದ್ದಲವೂ ಜಾಸ್ತಿ ಕೇಳುತ್ತೆ. ಫೋನಲ್ಲಿ ಕಡ್ಡಿ ಪೂರ್ತಿ, ವೇಗ ಮಾತ್ರ ಇಲ್ಲ ಅಂದ್ರೆ ಇದನ್ನೇ ಅನುಮಾನಿಸಿ. ಆಗ ಚಾನೆಲ್ ಬದಲಿಸಬೇಕು, ಆಂಟೆನಾ ಅಲ್ಲ.

ಕೊಳ್ಳೋ ಮುಂಚೆ ರೌಟರಿನ ಆಂಟೆನಾ ತಿರುಗಿಸಿದರೆ ಬಿಚ್ಚುತ್ತಾ ನೋಡಿ. ಎಷ್ಟೋ ಮನೆಗಳ ಫೈಬರ್ ಡಬ್ಬಿಗಳಲ್ಲಿ ಬಿಚ್ಚೋಕೇ ಬರಲ್ಲ. 2.4 ಗಿಗಾಹರ್ಟ್ಸ್‌ಗೆ ಮಾತ್ರ ಮಾಡಿದ ಆಂಟೆನಾ ಹಾಕಿದರೆ 5 ಗಿಗಾಹರ್ಟ್ಸ್ ಬಿದ್ದುಹೋಗಬಹುದು. ಆಂಟೆನಾ ದೂರ ಇಡೋಕೆ ತೆಳು ಕೇಬಲ್ ಹಾಕಿದರಂತೂ 2 ಮೀಟರಿನಲ್ಲೇ ಗಳಿಸಿದ್ದ 4 ಡಿಬಿ ಕರಗಿಹೋಗಬಹುದು.

ಮೊದಲು ಬಿಟ್ಟಿ ಉಪಾಯ ಮಾಡಿ. ಆಂಟೆನಾ ಎರಡಿದ್ದರೆ ಒಂದನ್ನು ಅಡ್ಡ ಮಲಗಿಸಿ. ಕಡ್ಡಿಯ ಪಕ್ಕಕ್ಕೆ ಸಿಗ್ನಲ್ ಜೋರು, ತುದಿಗೆ ಕಮ್ಮಿ, ಹಾಗಾಗಿ ಮಲಗಿದ್ದು ಮೇಲಕ್ಕೂ ಕಳಿಸುತ್ತೆ. ವೈಫೈ ಅಳೆಯೋ ಆ್ಯಪ್‌ನಲ್ಲಿ ಅದೇ ಜಾಗಗಳಲ್ಲಿ ಮೊದಲು, ಆಮೇಲೆ ಡಿಬಿಎಂ ಬರೆದಿಟ್ಟುಕೊಳ್ಳಿ. -60 ಇದ್ದದ್ದು -70 ಆದರೆ ಸಿಗ್ನಲ್ ಹತ್ತನೇ ಒಂದು ಪಾಲಿಗೆ ಇಳಿದಿದೆ ಅಂತ ಅರ್ಥ.

ಗೆಳೆಯ ಹಳೇ ಆಂಟೆನಾನೇ ವಾಪಸ್ ಹಾಕಿ, ಮೇಲಕ್ಕೆ ಒಂದು ಲ್ಯಾನ್ ವೈರ್ ಎಳೆದು ಹಳೇ ರೌಟರನ್ನು ಆಕ್ಸೆಸ್ ಪಾಯಿಂಟ್ ಮಾಡಿದ. ಆ 9 ಡಿಬಿಐ ಜೋಡಿ ಈಗಲೂ ಅವನ ಟೇಬಲ್ ಮೇಲಿದೆ, ಯಾರಿಗಾದ್ರೂ ಬೇಕಾ?