ಸ್ಟಾರ್-ಡೆಲ್ಟಾ ಚಾಲನೆ

ಮೂರು ಫೇಸಿನ ಇಂಡಕ್ಷನ್ ಮೋಟರನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ತಿರುಗಿಸಿ, ವೇಗ ಬಂದ ಮೇಲೆ ಡೆಲ್ಟಾ ಜೋಡಣೆಗೆ ಬದಲಿಸುವ ಕ್ರಮಕ್ಕೆ ಸ್ಟಾರ್-ಡೆಲ್ಟಾ ಚಾಲನೆ ಎನ್ನುತ್ತಾರೆ. ಚಾಲನೆಯ ಹೊತ್ತಿನಲ್ಲಿ ಲೈನಿನಿಂದ ಎಳೆಯುವ ಕರೆಂಟನ್ನು ಇದು ಮೂರನೇ ಒಂದು ಭಾಗಕ್ಕೆ ಇಳಿಸುತ್ತದೆ. ಅದರ ಜೊತೆಗೆ ಮೋಟರಿನ ತಿರುಗುಬಲವೂ, ಅಂದರೆ ಟಾರ್ಕ್ ಕೂಡ, ಮೂರನೇ ಒಂದಕ್ಕೆ ಇಳಿಯುತ್ತದೆ. ಈ ಕ್ರಮ ಎಲ್ಲಿ ಒಪ್ಪುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಈ ಎರಡು ಮಾತುಗಳೇ ತೀರ್ಮಾನಿಸುತ್ತವೆ.

ಇಂದು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಸ್ಟಾರ್-ಡೆಲ್ಟಾ ಸ್ಟಾರ್ಟರು ಹೆಚ್ಚಾಗಿ ಕಾಣಸಿಗುವುದು ಕಬ್ಬಿನ ಹೊಲಗಳಲ್ಲಿ. ನದಿದಂಡೆ, ಬಾವಿ, ಕೊಳವೆಬಾವಿಗಳ ಪಂಪ್‌ಸೆಟ್‌ಗಳಿಗೆ ಗೋಕಾಕ, ಮೂಡಲಗಿ ಭಾಗದಲ್ಲಿ ಹೆಸ್ಕಾಂ ವಿದ್ಯುತ್ ಕೊಡುತ್ತದೆ. ಹುಕ್ಕೇರಿಯಲ್ಲಿ ಆ ಕೆಲಸ 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ್ದು. ಲೈನು ಉದ್ದ, ಒಂದೇ ಟಿಸಿಯ ಮೇಲೆ ಹಲವು ಪಂಪು, ತ್ರೀ ಫೇಸ್ ಸಿಗುವುದು ದಿನದ ಕೆಲವೇ ತಾಸು. ಚಾಲನೆಯ ಕರೆಂಟು ಎಷ್ಟು ಎಂಬ ಪ್ರಶ್ನೆಗೆ ತೂಕ ಬರುವುದು ಇಂಥ ಕಡೆಯಲ್ಲೇ. ಆದ್ದರಿಂದ ಇಲ್ಲಿನ ವಿವರಣೆಗೆ 10 ಎಚ್‌ಪಿಯ, ಅಂದರೆ 7.5 ಕಿಲೋವ್ಯಾಟಿನ ಒಂದು ಪಂಪಿನ ಮೋಟರನ್ನು ಇಟ್ಟುಕೊಳ್ಳಲಾಗಿದೆ. ಲೈನಿನ ವೋಲ್ಟೇಜು 415. ಪೂರ್ಣ ಹೊರೆಯಲ್ಲಿ ಮೋಟರು ಎಳೆಯುವ ಕರೆಂಟು ಸುಮಾರು 15 ಆಂಪಿಯರ್.

ಚಾಲನೆಯಲ್ಲಿ ಕರೆಂಟು ಏಕೆ ಏರುತ್ತದೆ

ಸ್ಟೇಟರಿನ ಮೂರು ಸುರುಳಿಗಳಿಗೆ ಕರೆಂಟು ಹರಿದಾಗ ಒಂದು ಕಾಂತಕ್ಷೇತ್ರ ಸುತ್ತತೊಡಗುತ್ತದೆ. ಒಳಗಿನ ರೋಟರಿನ ಸರಳುಗಳು ಎರಡೂ ತುದಿಯಲ್ಲಿ ಉಂಗುರಗಳಿಂದ ಬೆಸೆದುಕೊಂಡಿರುತ್ತವೆ. ರೋಟರು ನಿಂತಿರುವಾಗ ಕ್ಷೇತ್ರ ಪೂರ್ಣ ವೇಗದಲ್ಲಿ ಅವನ್ನು ದಾಟುವುದರಿಂದ ಅವುಗಳಲ್ಲಿ ಭಾರೀ ಕರೆಂಟು ಹುಟ್ಟುತ್ತದೆ. ಅದಕ್ಕೆ ತಕ್ಕ ಕರೆಂಟನ್ನು ಸ್ಟೇಟರು ಲೈನಿನಿಂದ ಎಳೆಯಬೇಕಾಗುತ್ತದೆ. ಆ ಕ್ಷಣ ಮೋಟರು ಎಂದರೆ ಸೆಕೆಂಡರಿಯನ್ನು ಶಾರ್ಟ್ ಮಾಡಿದ ಟ್ರಾನ್ಸ್‌ಫಾರ್ಮರ್. ರೋಟರು ಕ್ಷೇತ್ರದ ವೇಗವನ್ನು ಸಮೀಪಿಸಿದಂತೆ ಅಂತರ ಕಡಿಮೆಯಾಗಿ ಕರೆಂಟೂ ಇಳಿಯುತ್ತದೆ. ಆದರೆ ವೇಗ ಮುಕ್ಕಾಲು ಪಾಲು ದಾಟುವ ತನಕ ಅದು ಹೆಚ್ಚು ಇಳಿಯುವುದಿಲ್ಲ.

ನಮ್ಮ ಮೋಟರನ್ನು ಡೆಲ್ಟಾದಲ್ಲೇ ನೇರವಾಗಿ ಚಾಲೂ ಮಾಡಿದರೆ ಲೈನಿನಲ್ಲಿ ಪೂರ್ಣ ಹೊರೆಯ ಆರು ಪಟ್ಟು, ಅಂದರೆ ಸುಮಾರು 90 ಆಂಪಿಯರ್ ಹರಿಯುತ್ತದೆ ಎಂದುಕೊಳ್ಳೋಣ. ಹಳ್ಳಿಗಳಲ್ಲಿ ಸಾಮಾನ್ಯವಾದ 63 ಕೆವಿಎ ಟಿಸಿಯ ಪೂರ್ಣ ಸಾಮರ್ಥ್ಯವೇ ಸುಮಾರು 88 ಆಂಪಿಯರ್. ಒಂದೇ ಪಂಪು, ಕೆಲವು ಸೆಕೆಂಡುಗಳ ಕಾಲ, ಇಡೀ ಟಿಸಿಯನ್ನು ತುಂಬಿಬಿಡುತ್ತದೆ. ಟಿಸಿಯಿಂದ ಪಂಪಿನ ತನಕ ಪ್ರತಿ ಫೇಸಿನ ತಂತಿಯಲ್ಲಿ 0.4 ಓಮ್ ಅಡ್ಡಿ ಇದ್ದರೆ ಫೇಸಿನ 240 ವೋಲ್ಟಿನಲ್ಲಿ ಸುಮಾರು 36 ವೋಲ್ಟ್ ತಂತಿಯಲ್ಲೇ ಕಳೆದುಹೋಗಬಹುದು. ಪಕ್ಕದ ಹೊಲದ ಮೋಟರು ಗುಂಯ್‌ಗುಡುವುದು ಆಗಲೇ.

ಮೂರನೇ ಒಂದು ಭಾಗ ಹೇಗೆ ಬರುತ್ತದೆ

ಡೆಲ್ಟಾದಲ್ಲಿ ಪ್ರತಿ ಸುರುಳಿಯೂ ಎರಡು ಫೇಸುಗಳ ನಡುವೆ ಕೂತು ಪೂರ್ಣ 415 ವೋಲ್ಟ್ ಪಡೆಯುತ್ತದೆ. ಪ್ರತಿ ಲೈನು ಎರಡು ಸುರುಳಿಗಳಿಗೆ ಕರೆಂಟು ಹಂಚುತ್ತದೆ. ಆ ಎರಡು ಕರೆಂಟುಗಳ ಏರಿಳಿತ ಒಂದೇ ಹೊತ್ತಿಗೆ ಬರುವುದಿಲ್ಲವಾದ್ದರಿಂದ ಲೈನಿನ ಕರೆಂಟು ಸುರುಳಿಯದ್ದರ ಎರಡು ಪಟ್ಟಾಗದೆ 1.73 ಪಟ್ಟಾಗುತ್ತದೆ. ಲೈನಿನಲ್ಲಿ 90 ಇದ್ದರೆ ಸುರುಳಿಯಲ್ಲಿ 52 ಆಂಪಿಯರ್. 415 ವೋಲ್ಟಿಗೆ 52 ಆಂಪಿಯರ್ ಎಂದರೆ ನಿಂತ ಮೋಟರಿನ ಒಂದು ಸುರುಳಿಯ ಅಡ್ಡಿ ಸುಮಾರು 8 ಓಮ್.

ಸ್ಟಾರ್‌ನಲ್ಲಿ ಮೂರು ಸುರುಳಿಗಳ ಕೊನೆಗಳು ಒಂದೆಡೆ ಸೇರುತ್ತವೆ. ಆಗ ಪ್ರತಿ ಸುರುಳಿಗೆ ಸಿಗುವುದು 415ರ 1.73ನೇ ಒಂದು ಭಾಗ, ಅಂದರೆ 240 ವೋಲ್ಟ್. ಅದೇ 8 ಓಮಿನಲ್ಲಿ ಹರಿಯುವುದು 30 ಆಂಪಿಯರ್. ಸ್ಟಾರ್‌ನಲ್ಲಿ ಲೈನು ನೇರವಾಗಿ ಒಂದೇ ಸುರುಳಿಗೆ ಹೋಗುವುದರಿಂದ ಲೈನಿನಲ್ಲಿಯೂ 30 ಆಂಪಿಯರೇ. ವೋಲ್ಟೇಜು ಇಳಿದದ್ದರಿಂದ ಒಂದು ಸಲ, ಲೈನು ಎರಡು ಸುರುಳಿಗಳಿಗೆ ಹಂಚುವುದು ತಪ್ಪಿದ್ದರಿಂದ ಇನ್ನೊಂದು ಸಲ, ಹೀಗೆ ಕರೆಂಟು ಎರಡು ಬಾರಿ 1.73ರಿಂದ ಭಾಗವಾಗಿ 90 ಇದ್ದದ್ದು 30ಕ್ಕೆ ಬಂತು. ತಂತಿಯಲ್ಲಿ ಕಳೆಯುವ ವೋಲ್ಟೂ 36ರಿಂದ 12ಕ್ಕೆ ಇಳಿಯಿತು.

ಟಾರ್ಕ್ ಸುರುಳಿಯ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ನೇರ ಚಾಲನೆಯಲ್ಲಿ ಈ ಮೋಟರು ಪೂರ್ಣ ಹೊರೆಯ ಎರಡು ಪಟ್ಟು ಟಾರ್ಕ್ ಕೊಡುವುದಾದರೆ ಸ್ಟಾರ್‌ನಲ್ಲಿ ಕೊಡುವುದು ಪೂರ್ಣ ಹೊರೆಯ 67 ಪ್ರತಿಶತ. ಸೆಂಟ್ರಿಫ್ಯೂಗಲ್ ಪಂಪಿಗೆ ಇದು ಸಾಕು. ಇಂಪೆಲ್ಲರು ನಿಧಾನ ತಿರುಗುವಾಗ ನೀರು ಹೆಚ್ಚು ತಡೆಯೊಡ್ಡುವುದಿಲ್ಲ. ತಡೆ ವೇಗದ ವರ್ಗದಂತೆ ಏರುತ್ತದೆ. ಕಬ್ಬು ತುಂಬಿದ ಗಾಣಕ್ಕೆ ಇದೇ ಸ್ಟಾರ್ಟರು ಹಾಕಿದರೆ ಅದು ಅಲುಗದೆ ನಿಲ್ಲಬಹುದು. ಗಾಣವನ್ನು ಖಾಲಿಯಾಗಿ ಓಡಿಸಿ ಆಮೇಲೆ ಕಬ್ಬು ಕೊಡಬೇಕು.

ಮೂರು ಕಾಂಟ್ಯಾಕ್ಟರ್, ಒಂದು ಟೈಮರ್

ಮೋಟರಿನಿಂದ ಆರು ತುದಿಗಳು ಹೊರಗೆ ಬರಬೇಕು: ಮೊದಲ ತುದಿಗಳು ಯು1, ವಿ1, ಡಬ್ಲ್ಯು1, ಕೊನೆಯ ತುದಿಗಳು ಯು2, ವಿ2, ಡಬ್ಲ್ಯು2. ಸಬ್‌ಮರ್ಸಿಬಲ್ ಪಂಪಿನಲ್ಲಿ ಕೊಳವೆಬಾವಿಯಿಂದ ಮೂರು ತಂತಿಗಳ ಎರಡು ಚಪ್ಪಟೆ ಕೇಬಲುಗಳು ಮೇಲೆ ಬಂದಿದ್ದರೆ ಅದು ಸ್ಟಾರ್-ಡೆಲ್ಟಾಗೆ ಸಿದ್ಧವಾದದ್ದು. ಒಂದೇ ಕೇಬಲಿದ್ದರೆ ಜೋಡಣೆ ಒಳಗೇ ಮುಗಿದಿರುತ್ತದೆ. ಹೆಸರುಫಲಕದಲ್ಲಿ 415 ವೋಲ್ಟ್ ಎಂಬುದು ಡೆಲ್ಟಾದ ಜೊತೆಗೇ ಇರಬೇಕು. ಸ್ಟಾರ್‌ನಲ್ಲಿ 415 ಎಂದು ಬರೆದ ಮೋಟರನ್ನು ಡೆಲ್ಟಾಗೆ ತಂದರೆ ಸುರುಳಿಗಳಿಗೆ ತಾಳಲಾರದಷ್ಟು ವೋಲ್ಟೇಜು ಬಿದ್ದು ಸುಟ್ಟುಹೋಗುತ್ತವೆ.

ಚಾಲೂ ಗುಂಡಿ ಒತ್ತಿದಾಗ ಮೊದಲು ಸ್ಟಾರ್ ಕಾಂಟ್ಯಾಕ್ಟರ್ ಕಚ್ಚಿ ಕೊನೆಯ ತುದಿಗಳನ್ನು ಒಂದುಗೂಡಿಸುತ್ತದೆ. ಹಿಂದೆಯೇ ಮುಖ್ಯ ಕಾಂಟ್ಯಾಕ್ಟರ್ ಮೊದಲ ತುದಿಗಳಿಗೆ ಲೈನು ಕೊಡುತ್ತದೆ, ಟೈಮರ್ ಎಣಿಕೆ ಆರಂಭಿಸುತ್ತದೆ. ಅವಧಿ ಮುಗಿದಾಗ ಸ್ಟಾರ್ ಬಿಡುತ್ತದೆ, ಸೆಕೆಂಡಿನ ಸುಮಾರು ಇಪ್ಪತ್ತನೇ ಒಂದು ಭಾಗ ಬಿಟ್ಟು ಡೆಲ್ಟಾ ಕಾಂಟ್ಯಾಕ್ಟರ್ ಕಚ್ಚುತ್ತದೆ. ಮುಖ್ಯ ಕಾಂಟ್ಯಾಕ್ಟರ್ ಉದ್ದಕ್ಕೂ ಹಿಡಿದೇ ಇರುತ್ತದೆ. ಈ ಸಣ್ಣ ಬಿಡುವು ಸ್ಟಾರ್ ಕಾಂಟ್ಯಾಕ್ಟರಿನ ಕಿಡಿ ಆರಲು ಬೇಕು. ಸ್ಟಾರ್ ಮತ್ತು ಡೆಲ್ಟಾ ಒಟ್ಟಿಗೆ ಕಚ್ಚಿದರೆ ಮೂರು ಫೇಸುಗಳೂ ನೇರ ಶಾರ್ಟ್ ಆಗುತ್ತವೆ. ಆದ್ದರಿಂದ ಒಂದರ ಸಹಾಯಕ ಕಾಂಟ್ಯಾಕ್ಟಿನ ಮೂಲಕವೇ ಇನ್ನೊಂದರ ಕಾಯಿಲ್‌ಗೆ ದಾರಿ ಕೊಟ್ಟು ಇಂಟರ್‌ಲಾಕ್ ಮಾಡುತ್ತಾರೆ. ಟೈಮರಿಲ್ಲದ ಅರೆ-ಸ್ವಯಂಚಾಲಿತ ಸ್ಟಾರ್ಟರುಗಳೂ ಇವೆ. ಅವುಗಳಲ್ಲಿ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಸ್ಟಾರ್, ಕೈಬಿಟ್ಟರೆ ಡೆಲ್ಟಾ. ಅಲ್ಲಿ ಬಳಸುವವನ ಕಿವಿಯೇ ಟೈಮರು.

ಸಾಮಾನ್ಯ ಪಂಪಿಗೆ ಟೈಮರನ್ನು ಐದರಿಂದ ಹತ್ತು ಸೆಕೆಂಡಿಗೆ ಇಡುವುದುಂಟು. ಆದರೆ ಸರಿಯಾದ ಅವಧಿಯನ್ನು ಹೇಳಬಲ್ಲದ್ದು ಆಯಾ ಮೋಟರೇ. ಟಾಂಗ್ ಟೆಸ್ಟರನ್ನು ಲೈನಿಗೆ ಹಾಕಿ ನೋಡಿದರೆ 30ರ ಹತ್ತಿರ ನಿಂತ ಕರೆಂಟು ಇದ್ದಕ್ಕಿದ್ದಂತೆ ಇಳಿದು ಸ್ಥಿರವಾಗುತ್ತದೆ, ಸದ್ದೂ ಒಂದೇ ಸಮನಾಗುತ್ತದೆ. ಬದಲಾವಣೆ ಅದರ ಬೆನ್ನಿಗೇ ಆಗಬೇಕು. ಅರ್ಧ ವೇಗದಲ್ಲೇ ಡೆಲ್ಟಾಗೆ ಹೋದರೆ ಹೆಚ್ಚುಕಡಿಮೆ ನೇರ ಚಾಲನೆಯಷ್ಟೇ ಕರೆಂಟು ನುಗ್ಗುತ್ತದೆ, ಸ್ಟಾರ್ಟರಿಗೆ ಕೊಟ್ಟ ದುಡ್ಡು ದಂಡ.

ಕೊನೆಯ ತುದಿಗಳನ್ನು ಡೆಲ್ಟಾಗೆ ಸರಿಯಾಗಿ ಜೋಡಿಸುವ ಎರಡು ಬಗೆಗಳಿವೆ. ಎರಡರಲ್ಲೂ ಮೋಟರು ಒಂದೇ ದಿಕ್ಕಿಗೆ ತಿರುಗುತ್ತದೆ; ಬದಲಾಗುವ ಕ್ಷಣದ ಹೊಡೆತ ಮಾತ್ರ ಒಂದರಲ್ಲಿ ಕಡಿಮೆ. ಹಾಗಾಗಿ ತಯಾರಕರ ನಕ್ಷೆಯನ್ನೇ ಹಿಡಿಯಬೇಕು. ಪ್ರತಿ ಸುರುಳಿಯ ಎರಡೂ ತುದಿ ಒಂದೇ ಫೇಸಿಗೆ ಬಿದ್ದರೆ ಸ್ಟಾರ್‌ನಲ್ಲಿ ಚೆನ್ನಾಗಿ ಓಡಿದ ಮೋಟರು ಡೆಲ್ಟಾ ಕಚ್ಚಿದೊಡನೆ ಸದ್ದಿಲ್ಲದೆ ವೇಗ ಕಳೆದುಕೊಂಡು ನಿಲ್ಲುತ್ತದೆ. ಒಂದೇ ಸುರುಳಿ ಹಾಗಾಗಿದ್ದರೆ ಬಲ ಕಳೆದುಕೊಂಡು ಗುಂಯ್‌ಗುಡುತ್ತದೆ.

ಓವರ್‌ಲೋಡ್ ರಿಲೇಯ ಅಂಕಿ

ಈ ಸ್ಟಾರ್ಟರಿನಲ್ಲಿ ಹೆಚ್ಚು ಮೋಟರುಗಳನ್ನು ಕಾಪಾಡಬಲ್ಲ ಸಣ್ಣ ಕೆಲಸವೆಂದರೆ ರಿಲೇಯ ತಿರುಪನ್ನು ಸರಿಯಾದ ಅಂಕಿಗೆ ಇಡುವುದು. ರಿಲೇ ಸಾಮಾನ್ಯವಾಗಿ ಮುಖ್ಯ ಕಾಂಟ್ಯಾಕ್ಟರಿನ ಕೆಳಗೆ, ಮೋಟರಿಗೆ ಹೋಗುವ ತಂತಿಯಲ್ಲಿ ಇರುತ್ತದೆ. ಡೆಲ್ಟಾದಲ್ಲಿ ಅಲ್ಲಿ ಹರಿಯುವುದು ಸುರುಳಿಯ ಕರೆಂಟು ಮಾತ್ರ: 15ರ 58 ಪ್ರತಿಶತ, ಅಂದರೆ 8.7 ಆಂಪಿಯರ್. ರಿಲೇಯನ್ನು ಅಷ್ಟಕ್ಕೇ ಇಡಬೇಕು. ಹೆಸರುಫಲಕದ 15 ನೋಡಿ 15ಕ್ಕೆ ಇಟ್ಟರೆ ರಕ್ಷಣೆ ಇಲ್ಲದಂತೆಯೇ. ಎರಡೂ ಕಾಂಟ್ಯಾಕ್ಟರುಗಳಿಗೆ ಲೈನು ಕವಲೊಡೆಯುವ ಮೊದಲೇ ರಿಲೇ ಇದ್ದರೆ ಮಾತ್ರ 15 ಸರಿ.

ಇದರ ಪರಿಣಾಮ ಕಾಣುವುದು ವೋಲ್ಟೇಜು ಕುಸಿದಾಗ. ಲೈನು 340 ವೋಲ್ಟಿಗೆ ಬಂದಿತೆನ್ನಿ. ಟಾರ್ಕ್ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ ಸ್ಟಾರ್‌ನ 67 ಪ್ರತಿಶತ 45ಕ್ಕೆ ಇಳಿಯುತ್ತದೆ. ಪಂಪು ಅರೆವೇಗದಲ್ಲೇ ಒದ್ದಾಡುತ್ತದೆ. ಕಾಂಟ್ಯಾಕ್ಟರಿನ ಕಾಯಿಲ್ ಕೂಡ ಬಲಗುಂದಿ ಕಟಕಟ ಸದ್ದು ಮಾಡುತ್ತ ಕಿಡಿ ಹಾರಿಸುತ್ತದೆ. ಕೆಲವೊಮ್ಮೆ ಸ್ಟಾರ್ ಕಾಂಟ್ಯಾಕ್ಟರಿನ ಮೊನೆಗಳು ಬೆಸೆದುಹೋಗುತ್ತವೆ. ಆಗ ಇಂಟರ್‌ಲಾಕ್ ಡೆಲ್ಟಾವನ್ನು ತಡೆಯುತ್ತದೆ, ಮೋಟರು ಸ್ಟಾರ್‌ನಲ್ಲೇ ಪೂರ್ಣ ಹೊರೆ ಎಳೆಯುತ್ತದೆ. 8.7ಕ್ಕೆ ಬಾಳುವ ಸುರುಳಿಯಲ್ಲಿ 15 ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ಹರಿಯುತ್ತದೆ. 8.7ಕ್ಕೆ ಇಟ್ಟ ರಿಲೇ ಬೇಗ ಬಿಡಿಸುತ್ತದೆ. 15ಕ್ಕೆ ಇಟ್ಟದ್ದು ವೈಂಡಿಂಗ್ ಸುಡುವ ತನಕ ಸುಮ್ಮನಿರಬಹುದು.

ಡಬ್ಬಿ ಬಿಚ್ಚಿ ಊಹಿಸುವುದಕ್ಕಿಂತ ಸುಲಭವಾದ ಪರೀಕ್ಷೆಯೊಂದಿದೆ. ಮೋಟರು ಓಡುವಾಗ ಟಾಂಗ್ ಟೆಸ್ಟರಿನಿಂದ ಮೊದಲು ಒಳಬರುವ ಲೈನನ್ನು, ಆಮೇಲೆ ಮೋಟರಿಗೆ ಹೋಗುವ ಒಂದು ತಂತಿಯನ್ನು ಅಳೆಯಬೇಕು. ಲೈನಿನ ಕರೆಂಟು 1.73 ಪಟ್ಟು ಇದ್ದರೆ ಮೋಟರು ಡೆಲ್ಟಾದಲ್ಲಿದೆ. ಎರಡೂ ಒಂದೇ ಇದ್ದರೆ ಅದಿನ್ನೂ ಸ್ಟಾರ್‌ನಲ್ಲೇ ಸಿಕ್ಕಿಕೊಂಡಿದೆ. ಟೈಮರ್ ಕೆಟ್ಟಿದೆಯೋ, ಕಾಂಟ್ಯಾಕ್ಟರ್ ಬೆಸೆದಿದೆಯೋ ನೋಡಬೇಕು.

ಕರೆಂಟು ಹೋಗಿ ಬಂದಾಗ ತಾನೇ ಚಾಲೂ ಮಾಡುವ ಆಟೋ ಸ್ವಿಚ್ಚುಗಳು ಇನ್ನೊಂದು ತೊಡಕು ತಂದಿವೆ. ತ್ರೀ ಫೇಸ್ ಬಂದ ಗಳಿಗೆಯಲ್ಲೇ ಒಂದು ಟಿಸಿಯ ಐದು ಪಂಪುಗಳು ಒಟ್ಟಿಗೆ ಎದ್ದರೆ ಎಲ್ಲ ಸ್ಟಾರ್-ಡೆಲ್ಟಾ ಆಗಿದ್ದರೂ 88 ಆಂಪಿಯರಿನ ಟಿಸಿಯಿಂದ 150 ಆಂಪಿಯರ್ ಕೇಳಿದಂತಾಗುತ್ತದೆ, ನೇರ ಚಾಲನೆಯಾದರೆ 450. ಆಟೋ ಸ್ವಿಚ್ಚಿನಲ್ಲಿ ತಡಮಾಡುವ ಟೈಮರಿದ್ದರೆ ಅಕ್ಕಪಕ್ಕದ ರೈತರು ಮಾತಾಡಿಕೊಂಡು ಒಬ್ಬೊಬ್ಬರು ಅರ್ಧ ನಿಮಿಷದ ಅಂತರ ಇಟ್ಟುಕೊಳ್ಳಬಹುದು. ಆಗ ಒಂದು ಹೊತ್ತಿಗೆ ಒಂದೇ ಪಂಪಿನ 30 ಆಂಪಿಯರ್ ಓಡುತ್ತಿರುವ ಪಂಪುಗಳ ಕರೆಂಟಿನ ಮೇಲೆ ಕೂಡುತ್ತದೆ.