ಸಭಾಂಗಣದಲ್ಲಿ ನಡೆಯುತ್ತಾ ಮಾತನಾಡುವಾಗ ವೈ-ಫೈ ಕರೆ ತುಂಡಾಗುವುದೇಕೆ?

ನಾಸಿಕದ ತರಬೇತಿ ಕೇಂದ್ರವೊಂದರ ದೊಡ್ಡ ಸಭಾಂಗಣದಲ್ಲಿ ಸಮಾರಂಭ ನಡೆಯುತ್ತಿತ್ತು. ಅಲ್ಲಿಯೇ ಉದ್ಯೋಗದಲ್ಲಿರುವ ನನ್ನ ಸ್ನೇಹಿತರಿಗೆ ಛತ್ರಪತಿ ಸಂಭಾಜಿನಗರದಿಂದ ಕರೆ ಬಂದಿತು. ಆಸ್ಪತ್ರೆಯಲ್ಲಿದ್ದ ಅವರ ತಂದೆಯವರ ಔಷಧಿಯ ವಿಚಾರವಾಗಿ ವೈದ್ಯರು ಮಾತನಾಡುತ್ತಿದ್ದರು. ದಪ್ಪ ಗೋಡೆಗಳ ಆ ಕಟ್ಟಡದೊಳಗೆ ಮೊಬೈಲ್ ಸಿಗ್ನಲ್ ಬಹಳ ದುರ್ಬಲವಾದುದರಿಂದ ಕರೆಯು ವೈ-ಫೈ ಮೂಲಕವೇ ಸಾಗಿತ್ತು. ಗದ್ದಲ ತಪ್ಪಿಸಲೆಂದು ಅವರು ವೇದಿಕೆಯ ಬಳಿಯಿಂದ ಹಿಂಬಾಗಿಲಿನ ಕಡೆಗೆ ನಡೆದರು. ನಡುವಿನ ಕಂಬದ ಬಳಿ ಧ್ವನಿ ನಿಂತುಹೋಗಿ, ಒಂದೂವರೆ ಸೆಕೆಂಡಿನ ನಂತರ ಮರಳಿತು. ಹೋದ ಮಾತು ಔಷಧಿಯ ಪ್ರಮಾಣದ್ದು. ಇನ್ನೊಮ್ಮೆ ಕೇಳಿ ತಿಳಿದುಕೊಂಡರೆನ್ನಿ. ಆದರೆ ಫೋನಿನ ಪರದೆಯ ಮೇಲೆ ಸಿಗ್ನಲಿನ ಗೆರೆಗಳು ಸಾಕಷ್ಟಿದ್ದೂ ಹೀಗೇಕಾಯಿತೆಂಬ ಪ್ರಶ್ನೆ ಉಳಿಯಿತು.

ಸುಮಾರು 45 ಮೀಟರ್ ಉದ್ದದ ಆ ಸಭಾಂಗಣದ ಛಾವಣಿಯಲ್ಲಿ ಮೂರು ಆಕ್ಸೆಸ್ ಪಾಯಿಂಟುಗಳಿವೆ. ಆಕ್ಸೆಸ್ ಪಾಯಿಂಟ್ ಎಂದರೆ ತಂತಿಯ ಜಾಲವನ್ನು ರೇಡಿಯೋ ತರಂಗಗಳಾಗಿ ಹರಡುವ ಪೆಟ್ಟಿಗೆ. ಮೂರೂ ಒಂದೇ ಹೆಸರನ್ನು ಸಾರುವುದರಿಂದ ನಮಗೆ ಒಂದೇ ವೈ-ಫೈ ಇದ್ದಂತೆ ತೋರುತ್ತದೆ. ವಾಸ್ತವವಾಗಿ ಫೋನು ಒಂದು ಸಮಯದಲ್ಲಿ ಒಂದು ಪೆಟ್ಟಿಗೆಗೆ ಮಾತ್ರ ಅಂಟಿಕೊಂಡಿರುತ್ತದೆ. ನಡೆಯುತ್ತಾ ಹೋದಂತೆ ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯಬೇಕು. ಯಾವಾಗ ಬಿಡಬೇಕೆಂಬ ನಿರ್ಧಾರವನ್ನು ಸಾಮಾನ್ಯವಾಗಿ ಕೈಗೊಳ್ಳುವುದು ಜಾಲವಲ್ಲ, ಫೋನು. ಆಪಲ್ ಸಂಸ್ಥೆಯು ತಿಳಿಸಿರುವಂತೆ, ಸಿಗ್ನಲ್ −70 ಡಿಬಿಎಂಗಿಂತ ಕುಗ್ಗಿದಾಗ ಐಫೋನು ಹುಡುಕಾಟಕ್ಕೆ ತೊಡಗುತ್ತದೆ. ಕರೆಯಂತಹ ಕೆಲಸ ನಡೆಯುತ್ತಿದ್ದರೆ, ಕನಿಷ್ಠ 8 ಡೆಸಿಬೆಲ್ ಉತ್ತಮವಾದ ಪೆಟ್ಟಿಗೆ ಸಿಕ್ಕರೆ ಮಾತ್ರ ಜಿಗಿಯುತ್ತದೆ.

ಈ ಜಿಗಿತದಲ್ಲಿ ಕಾಲ ವ್ಯಯವಾಗುವುದು ಎರಡು ಕಡೆ. ಮೊದಲನೆಯದು ಹುಡುಕಾಟ. ಪ್ರತಿ ಆಕ್ಸೆಸ್ ಪಾಯಿಂಟ್ ಸಾಧಾರಣವಾಗಿ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೊಮ್ಮೆ ತನ್ನ ಇರವನ್ನು ಸಾರುತ್ತದೆ. ಇಪ್ಪತ್ತಕ್ಕೂ ಹೆಚ್ಚಿನ ಚಾನೆಲುಗಳಲ್ಲಿ ಅದಕ್ಕಾಗಿ ಕಿವಿಗೊಟ್ಟು ಕಾಯುತ್ತಾ ಹೋದರೆ ಎರಡು ಸೆಕೆಂಡು ಕಳೆದೀತು. ನೆರೆಹೊರೆಯ ಪೆಟ್ಟಿಗೆಗಳ ಪಟ್ಟಿಯನ್ನು ಫೋನಿಗೆ ಮುಂಚಿತವಾಗಿಯೇ ಒದಗಿಸುವ `802.11k` ಎಂಬ ವ್ಯವಸ್ಥೆಯಿಂದ ಈ ಅಲೆದಾಟ ಬಹುಮಟ್ಟಿಗೆ ತಪ್ಪುತ್ತದೆ. ಆ ಸಭಾಂಗಣದಲ್ಲಿ ಅದು ಮೊದಲೇ ಚಾಲನೆಯಲ್ಲಿತ್ತು. ತೊಂದರೆಯಿದ್ದುದು ಎರಡನೆಯ ಕಡೆ, ಗುರುತು ಪರೀಕ್ಷೆಯಲ್ಲಿ.

ಬ್ಯಾಂಕಿನ ಹಳೆಯ ದಿನಗಳನ್ನು ನೆನೆದರೆ ಇದು ಸುಲಭವಾಗಿ ಅರ್ಥವಾದೀತು. ಗ್ರಾಹಕರ ಮಾದರಿ ಸಹಿಯ ಕಾರ್ಡು ಆಗ ಅವರ ಮೂಲ ಶಾಖೆಯಲ್ಲಿಯೇ ಇರುತ್ತಿತ್ತು. ಬೇರೆ ಊರಿನ ಶಾಖೆಗೆ ಹೋಗಿ ಹಣ ಕೇಳಿದರೆ, ಅಲ್ಲಿಯವರು ಮೂಲ ಶಾಖೆಗೆ ಬರೆದು ಉತ್ತರಕ್ಕಾಗಿ ಕಾಯಬೇಕಾಗಿತ್ತು. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಯಾವ ಶಾಖೆಯಲ್ಲಾದರೂ ಸಹಿ ತೆರೆದು ನೋಡಬಹುದಾಯಿತು. ನಮ್ಮ ಸಭಾಂಗಣದ ವೈ-ಫೈ ಇನ್ನೂ ಹಳೆಯ ಪದ್ಧತಿಯಲ್ಲಿತ್ತು. ಅಲ್ಲಿ ಪ್ರತಿ ನೌಕರರಿಗೂ ಪ್ರತ್ಯೇಕ ಹೆಸರು, ಪ್ರತ್ಯೇಕ ಪಾಸ್‌ವರ್ಡ್. ಅವುಗಳನ್ನು ಪರೀಕ್ಷಿಸುವ ಸರ್ವರ್ ಇದ್ದುದು ಸಂಭಾಜಿನಗರದ ಕಚೇರಿಯಲ್ಲಿ. ಫೋನು ಹೊಸ ಪೆಟ್ಟಿಗೆಗೆ ಬಂದಾಗ, ನಾಸಿಕದಿಂದ ಅಲ್ಲಿಗೆ ಹೋಗಿ ಬಂದು ಗುರುತು ಖಚಿತವಾಗುವ ತನಕ ಮಾತಿಗೆ ದಾರಿಯಿರಲಿಲ್ಲ.

ದೂರವೇ ಇದಕ್ಕೆ ಕಾರಣವೆಂದು ತಿಳಿಯಬಾರದು. ಗಾಜಿನ ತಂತಿಯಲ್ಲಿ ಬೆಳಕು 200 ಕಿಲೋಮೀಟರ್ ಕ್ರಮಿಸಲು ಒಂದು ಮಿಲಿಸೆಕೆಂಡು ಸಾಕು. ಆದರೆ ಪ್ರಮಾಣಪತ್ರ ತೋರಿಸಿ, ಗುಪ್ತ ಸುರಂಗ ಕಟ್ಟಿ, ಅದರೊಳಗೆ ಪಾಸ್‌ವರ್ಡನ್ನು ಪರೀಕ್ಷಿಸುವ ಈ ಪ್ರಕ್ರಿಯೆಯಲ್ಲಿ ಹತ್ತರ ಆಸುಪಾಸು ಬಾರಿ ಪ್ರಶ್ನೋತ್ತರ ನಡೆಯುತ್ತದೆ. ಸಂಜೆಯ ದಟ್ಟಣೆಯಲ್ಲಿ ಪ್ರತಿ ಪ್ರಶ್ನೋತ್ತರಕ್ಕೆ ನೂರು ಮಿಲಿಸೆಕೆಂಡು ಹಿಡಿದರೂ ಒಂದು ಸೆಕೆಂಡು ಮುಗಿಯಿತು. ಧ್ವನಿಯ ಪೊಟ್ಟಣಗಳು ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದರಂತೆ ಹೊರಡುತ್ತವೆ. ಒಂದು ಸೆಕೆಂಡೆಂದರೆ ಐವತ್ತು ಪೊಟ್ಟಣಗಳ ನಷ್ಟ, ಅಂದರೆ ಎರಡು ಮೂರು ಪದಗಳು.

ಸ್ನೇಹಿತರು ಗಮನಿಸಿದ ಸ್ವಾರಸ್ಯವೊಂದಿದೆ: ಅದೇ ದಾರಿಯಲ್ಲಿ ವೇದಿಕೆಯತ್ತ ಮರಳುವಾಗ ಧ್ವನಿ ನಿಲ್ಲಲಿಲ್ಲ. ಮೊದಲು ಸಂಪರ್ಕವಿದ್ದ ಪೆಟ್ಟಿಗೆಯು ಅವರ ಫೋನನ್ನು ಇನ್ನೂ ನೆನಪಿಟ್ಟುಕೊಂಡಿದ್ದುದರಿಂದ ಸರ್ವರನ್ನು ಕೇಳುವ ಅಗತ್ಯ ಬೀಳಲಿಲ್ಲ. ದೋಷವು ಸಿಗ್ನಲಿನದಲ್ಲ, ಗುರುತು ಪರೀಕ್ಷೆಯದು ಎಂಬುದಕ್ಕೆ ಇದೇ ಒಳ್ಳೆಯ ಸುಳಿವು.

ಇದಕ್ಕೆ ಪರಿಹಾರವಾಗಿ 2008ರಲ್ಲಿ ಐಇಇಇ ಸಂಸ್ಥೆ ಅಂಗೀಕರಿಸಿದ ವಿಧಾನವೇ ‘ಫಾಸ್ಟ್ ಟ್ರಾನ್ಸಿಷನ್’, ಅಂದರೆ ಶೀಘ್ರ ವರ್ಗಾವಣೆ. ಉಪಕರಣಗಳ ಪರದೆಯ ಮೇಲೆ ಇದು `802.11r` ಎಂದು ಕಾಣಿಸುತ್ತದೆ. ಇದರಲ್ಲಿ ಸಂಪೂರ್ಣ ಗುರುತು ಪರೀಕ್ಷೆಯು ಮೊದಲ ಪೆಟ್ಟಿಗೆಯಲ್ಲಿ ಒಮ್ಮೆ ಮಾತ್ರ ನಡೆಯುತ್ತದೆ. ಅದರಿಂದ ಒಂದು ಮೂಲ ಕೀಲಿ ಹುಟ್ಟುತ್ತದೆ. ಆ ಕೀಲಿಯಿಂದ ಪ್ರತಿಯೊಂದು ಪೆಟ್ಟಿಗೆಗೂ ಬೇರೆ ಬೇರೆ ಉಪಕೀಲಿಗಳನ್ನು ಲೆಕ್ಕಹಾಕಿ ತಂತಿಯ ಮೂಲಕ ತಲುಪಿಸಲಾಗುತ್ತದೆ. ಮೂಲ ಕೀಲಿಯನ್ನು ಮಾತ್ರ ಹಂಚುವುದಿಲ್ಲ. ಪ್ರಧಾನ ಕಚೇರಿಯು ಪ್ರತಿ ಶಾಖೆಗೂ ಆ ಶಾಖೆಗಷ್ಟೇ ಸಲ್ಲುವ ಅಧಿಕಾರಪತ್ರ ಕಳುಹಿಸಿದಂತೆ ಇದು. ಫೋನು ಕೂಡ ಅದೇ ಲೆಕ್ಕವನ್ನು ತಾನೇ ಮಾಡಬಲ್ಲದು. ಆದ್ದರಿಂದ ಹೊಸ ಪೆಟ್ಟಿಗೆಯ ಮುಂದೆ ಅದು ಎರಡು ಮಾತು ಹೇಳಿ ಎರಡು ಉತ್ತರ ಪಡೆದರೆ ಸಾಕು. ನಾಲ್ಕೇ ಸಂದೇಶಗಳಲ್ಲಿ ಪರಿಚಯವೂ ಮುಗಿಯಿತು, ಈ ಸಂಪರ್ಕಕ್ಕೆ ಬೇಕಾದ ಹೊಸ ಗುಪ್ತಕೀಲಿಯೂ ಸಿದ್ಧವಾಯಿತು. ಸಂಭಾಜಿನಗರವನ್ನು ಕೇಳುವ ಪ್ರಸಂಗವೇ ಇಲ್ಲ. ಎಲ್ಲವೂ ಸರಿಯಿದ್ದರೆ ಈ ವರ್ಗಾವಣೆ 50 ಮಿಲಿಸೆಕೆಂಡಿನೊಳಗೆ ಮುಗಿಯುತ್ತದೆ. ಕಳೆದ ಎರಡು ಮೂರು ಪೊಟ್ಟಣಗಳನ್ನು ಕಿವಿ ಗುರುತಿಸುವುದೂ ಕಷ್ಟ.

ಅಲ್ಲಿಯ ತಂತ್ರಜ್ಞರು ಮೂರೂ ಪೆಟ್ಟಿಗೆಗಳನ್ನು ಒಂದೇ ‘ಮೊಬಿಲಿಟಿ ಡೊಮೇನ್’ ಸಂಖ್ಯೆಯಡಿ ಸೇರಿಸಿ `802.11r` ಅನ್ನು ಚಾಲೂ ಮಾಡಿದರು. ಪರೀಕ್ಷೆಯ ಕ್ರಮ ಸರಳವಾಗಿತ್ತು. ತಂತಿಯ ಜಾಲದಲ್ಲಿದ್ದ ಲಿನಕ್ಸ್ ಗಣಕದಿಂದ, ಕರೆಯಲ್ಲಿ ನಿರತವಾಗಿದ್ದ ಫೋನಿನ ವಿಳಾಸಕ್ಕೆ ಸೆಕೆಂಡಿಗೆ ಐದು ಬಾರಿ ಕೂಗು ಕಳುಹಿಸಿದರು:

```
ping -O -i 0.2 192.168.1.57
```

ಉತ್ತರ ಬಾರದ ಪ್ರತಿ ಸಾಲೂ ಸೆಕೆಂಡಿನ ಐದನೆಯ ಒಂದು ಭಾಗಕ್ಕೆ ಸಮ. ಮೊದಲು ಕಂಬದ ಬಳಿ ಏಳು ಸಾಲುಗಳು ಖಾಲಿ ಬಂದಿದ್ದವು, ಅಂದರೆ 1.4 ಸೆಕೆಂಡು. ಬದಲಾವಣೆಯ ನಂತರದ ನಡಿಗೆಗಳಲ್ಲಿ ಹೆಚ್ಚೆಂದರೆ ಒಂದು ಸಾಲು ಖಾಲಿಯಾಯಿತು.

ಮನೆಯಲ್ಲಿ ಎರಡು ಪೆಟ್ಟಿಗೆಗಳನ್ನಿಟ್ಟುಕೊಂಡಿರುವ ಓದುಗರು ಇಷ್ಟೇ ಲಾಭ ನಿರೀಕ್ಷಿಸಬಾರದು. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರುವೆಡೆ ದೂರದ ಸರ್ವರಿನ ಪ್ರಶ್ನೆಯೇ ಏಳುವುದಿಲ್ಲ. ಉಳಿಯುವುದು ಕೆಲವೇ ಸಂದೇಶಗಳ ಅವಧಿ. ಅಂತಹ ಮನೆಗಳಲ್ಲಿ ಕರೆ ತುಂಡಾಗುತ್ತಿದ್ದರೆ ಹುಡುಕಾಟದ ವಿಳಂಬವನ್ನೋ, ಹಳೆಯ ಪೆಟ್ಟಿಗೆಯ ಪ್ರಸಾರಶಕ್ತಿ ಅತಿಯಾಗಿದ್ದು ಫೋನು ಅದನ್ನೇ ಹಿಡಿದು ಕೂರುವುದನ್ನೋ ಶಂಕಿಸಬೇಕು. ಇದಲ್ಲದೆ 2017ರಲ್ಲಿ ‘ಕ್ರ್ಯಾಕ್’ ಎಂಬ ಹೆಸರಿನಿಂದ ಬಯಲಾದ ದೋಷಗಳಲ್ಲಿ ಒಂದು ಶೀಘ್ರ ವರ್ಗಾವಣೆಗೇ ಸಂಬಂಧಿಸಿದ್ದು, ಅದರ ತಿದ್ದುಪಡಿ ಆಗಬೇಕಾದದ್ದು ಪೆಟ್ಟಿಗೆಯ ತಂತ್ರಾಂಶದಲ್ಲಿ. ಆ ವರ್ಷದ ನಂತರ ತಂತ್ರಾಂಶ ನವೀಕರಿಸದ ಪೆಟ್ಟಿಗೆಯಲ್ಲಿ ಇದನ್ನು ಚಾಲೂ ಮಾಡಬಾರದು.

ಸಭಾಂಗಣದಲ್ಲಿಯೂ ಎರಡು ತೊಡಕುಗಳು ಉಳಿದವು. ಕಚೇರಿಯ ಹಳೆಯ ಮುದ್ರಣಯಂತ್ರವೊಂದು `802.11r` ಚಾಲೂ ಆದ ಮರುದಿನದಿಂದ ವೈ-ಫೈಗೆ ಸೇರಲೇ ಇಲ್ಲ. ಪೆಟ್ಟಿಗೆಯ ಹೊಸ ಪ್ರಕಟಣೆಯನ್ನು ಅರಿಯದ ಹಳೆಯ ಉಪಕರಣಗಳಲ್ಲಿ ಹೀಗಾಗುವುದುಂಟು. ಅದಕ್ಕಾಗಿ ಬೇರೊಂದು ಹೆಸರಿನ ಜಾಲವನ್ನು ತೆರೆಯಬೇಕಾಯಿತು. ಎರಡನೆಯದು ಪಕ್ಕದ ಭೋಜನಶಾಲೆಯದು. ಅಲ್ಲಿಗೆ ಕಾಲಿಟ್ಟರೆ ಧ್ವನಿ ನಿಂತು ಬರುವ ಬದಲು ಕರೆಯೇ ಕಡಿದುಹೋಗುತ್ತಿತ್ತು. ವೈ-ಫೈ ಹೆಸರು ಒಂದೇ ಆದರೂ ಅಲ್ಲಿನ ಪೆಟ್ಟಿಗೆ ಬೇರೆ ರೂಟರಿಗೆ ಸೇರಿದ್ದು, ಫೋನಿನ ವಿಳಾಸ `192.168.1.57` ಇದ್ದದ್ದು `192.168.2.31` ಆಗುತ್ತಿತ್ತು. ವಿಳಾಸವೇ ಬದಲಾದ ಮೇಲೆ, ಹಳೆಯ ವಿಳಾಸಕ್ಕೆ ಬರುವ ಮಾತು ಎಲ್ಲಿಗೆ ತಲುಪೀತು? ಶೀಘ್ರ ವರ್ಗಾವಣೆಗೆ ಇದರಲ್ಲಿ ಮಾಡುವಂಥದ್ದೇನೂ ಇಲ್ಲ. ಭೋಜನಶಾಲೆಯ ಪೆಟ್ಟಿಗೆಯ ತಂತಿಯನ್ನು ಸಭಾಂಗಣದ ಜಾಲಕ್ಕೇ ಬದಲಿಸಿ ಜೋಡಿಸಿದ ಬಳಿಕ ಅಲ್ಲಿಯೂ ಕರೆ ಕಡಿಯುವುದು ನಿಂತಿತು.