ಒಡಲರೇಖೆಗಳ ಫೇರಿಂಗ್

ದೋಣಿಯ ಹೊರಮೈ ಮೂತಿಯಿಂದ ಹಿಂಬದಿಯವರೆಗೆ ಎಲ್ಲೂ ಉಬ್ಬದೆ, ಎಲ್ಲೂ ತಗ್ಗದೆ ಒಂದೇ ಓಟದಲ್ಲಿ ಸಾಗುವಂತೆ ಅದರ ರೇಖೆಗಳನ್ನು ತಿದ್ದಿ ಹದಕ್ಕೆ ತರುವ ಕೆಲಸಕ್ಕೆ ಫೇರಿಂಗ್ ಎಂದು ಹೆಸರು. ಹಿಂದೆ ಇದು ಲಾಫ್ಟ್ ಎಂಬ ದೊಡ್ಡ ಕೊಠಡಿಯ ನೆಲದ ಮೇಲೆ, ಪೂರ್ಣ ಅಳತೆಯಲ್ಲಿ, ಮರದ ಪಟ್ಟಿಗಳಿಂದ ನಡೆಯುತ್ತಿತ್ತು. ಈಗ ಹೆಚ್ಚಿನಂಶ ಕಂಪ್ಯೂಟರಿನ ಮೇಲ್ಮೈ ಮಾದರಿ ತಂತ್ರಾಂಶಗಳಲ್ಲಿ ನಡೆಯುತ್ತದೆ. ಈ ಲೇಖನ ಐದು ಮೀಟರಿಗಿಂತ ಚಿಕ್ಕದಾದ, ದುಂಡು ಹೊಟ್ಟೆಯ ದೋಣಿಗೆ ಸೀಮಿತ. ಇಲ್ಲಿ ಬರುವ ಆಜ್ಞೆಗಳ ಹೆಸರುಗಳು ರೈನೋ ತಂತ್ರಾಂಶದವು.

ಮೂರು ನೋಟ, ಒಂದು ಮೈ

ದೋಣಿಯ ಆಕಾರವನ್ನು ಕಾಗದದ ಮೇಲೆ ತೋರಿಸಲು ಅದನ್ನು ಬೇರೆ ಬೇರೆ ಸಮತಲಗಳಿಂದ ಸೀಳಿದಂತೆ ಕಲ್ಪಿಸಿಕೊಳ್ಳುತ್ತಾರೆ. ಉದ್ದಕ್ಕೆ ಅಡ್ಡವಾಗಿ, ರೊಟ್ಟಿಯನ್ನು ಹೋಳು ಮಾಡಿದಂತೆ ಸೀಳಿದರೆ ಸಿಗುವವು ಅಡ್ಡಛೇದಗಳು. ಅವುಗಳ ಜಾಗಕ್ಕೆ ಸ್ಟೇಷನ್ ಎನ್ನುತ್ತಾರೆ. ನೀರಿನ ಮಟ್ಟಕ್ಕೆ ಸಮಾನಾಂತರವಾಗಿ ಸೀಳಿದರೆ ಜಲರೇಖೆಗಳು. ನಡುಗೆರೆಗೆ ಸಮಾನಾಂತರವಾಗಿ ನೆಟ್ಟಗೆ ಸೀಳಿದರೆ ಬಟಕ್ ರೇಖೆಗಳು. ನಡುಗೆರೆಯಿಂದ ಓರೆಯಾಗಿ ಇಳಿಯುವ ಸಮತಲದಿಂದ ಸೀಳಿದರೆ ಕರ್ಣರೇಖೆಗಳು. ಇವೆಲ್ಲ ಒಂದೇ ಮೈಯ ಗುರುತುಗಳಾದ್ದರಿಂದ ಒಂದನ್ನು ಸರಿಸಿದರೆ ಉಳಿದವೂ ಸರಿಯುತ್ತವೆ.

ಹೊಸಬರು ಎಡವುವುದು ಅಡ್ಡಛೇದಗಳಲ್ಲಿ. ಎಂಟು ಅಡ್ಡಛೇದಗಳನ್ನು ಒಂದೊಂದಾಗಿ ಎಷ್ಟೇ ಚೆಂದ ಬರೆದರೂ ಅವುಗಳ ಮೇಲೆ ಹೊದಿಸಿದ ಮೈ ಅಲೆಅಲೆಯಾಗಿ ಇರಬಹುದು. ದೋಣಿಯ ಹದ ಕಾಣುವುದು ಉದ್ದದ ದಿಕ್ಕಿನಲ್ಲಿ. ಅಡ್ಡಛೇದ ಆಕಾರವನ್ನು ಹೇಳುತ್ತದೆ, ಓಟವನ್ನು ಹೇಳುವುದಿಲ್ಲ.

ಪಟ್ಟಿ ಮತ್ತು ಸೀಸದ ತೂಕ

ನಕ್ಷೆಗಾರನ ಸ್ಪ್ಲೈನ್ ಎಂದರೆ ತೆಳುವಾದ, ಬಾಗುವ ಮರದ ಪಟ್ಟಿ. ಅದನ್ನು ಬೇಕಾದ ಬಿಂದುಗಳ ಮೇಲೆ ಹಾಯಿಸಿ, ಬಾಗಿದ ಕೊಕ್ಕಿರುವ ಸೀಸದ ತೂಕಗಳಿಂದ ಹಿಡಿದಿಡುತ್ತಿದ್ದರು. ಆ ತೂಕಗಳು ನೋಡಲು ಬಾತುಕೋಳಿಯಂತಿದ್ದುದರಿಂದ ಇಂಗ್ಲಿಷ್ ನಕ್ಷೆಗಾರರು ಅವನ್ನು ಡಕ್ ಎಂದೇ ಕರೆಯುತ್ತಿದ್ದರು. ಪಟ್ಟಿ ತನ್ನೊಳಗಿನ ಬಾಗುವಿಕೆಯ ಶಕ್ತಿ ಆದಷ್ಟು ಕಡಿಮೆಯಾಗುವಂತೆ ತಾನೇ ಕೂರುತ್ತದೆ. ಅದರ ನಯ ಬರುವುದು ಅಲ್ಲಿಂದ. 1946ರಲ್ಲಿ ಗಣಿತಜ್ಞ ಶೋನ್‌ಬರ್ಗ್ ತುಂಡು ತುಂಡಾದ ಬಹುಪದಗಳನ್ನು ನಯವಾಗಿ ಜೋಡಿಸಿದ ವಕ್ರಗಳಿಗೆ ಈ ಪಟ್ಟಿಯ ಹೆಸರನ್ನೇ ಇಟ್ಟರು. 1961ರಲ್ಲಿ ಥೈಲ್‌ಹೈಮರ್ ಮತ್ತು ಸ್ಟಾರ್ಕ್‌ವೆದರ್ ಎಂಬಿಬ್ಬರು ಹಡಗಿನ ರೇಖೆಗಳನ್ನು ಕಂಪ್ಯೂಟರಿನಿಂದ ಹದಗೊಳಿಸುವ ವಿಧಾನವನ್ನು ಪ್ರಕಟಿಸಿದರು. ಅಮೆರಿಕದ ನೌಕಾಪಡೆಯ ಡೇವಿಡ್ ಟೇಲರ್ ಮಾಡೆಲ್ ಬೇಸಿನ್‌ನಲ್ಲಿ ನಡೆದ ಕೆಲಸವದು.

ಪಟ್ಟಿಯ ಕಾಲದ ಒಂದು ಅಭ್ಯಾಸವನ್ನು ಇಲ್ಲಿ ಬಿಡುವಂತಿಲ್ಲ. ಪಟ್ಟಿಯನ್ನು ಎಲ್ಲ ಬಿಂದುಗಳ ಮೇಲೂ ಕೂರಿಸಿದ ಬಳಿಕ ಲಾಫ್ಟಿನ ಕೆಲಸಗಾರ ಒಂದೊಂದೇ ತೂಕವನ್ನು ಮೇಲೆತ್ತುತ್ತಿದ್ದ. ಪಟ್ಟಿ ಇದ್ದಲ್ಲೇ ಇದ್ದರೆ ಆ ಬಿಂದು ಸರಿ. ಟಕ್ಕನೆ ಪಕ್ಕಕ್ಕೆ ಜಿಗಿದರೆ ಆ ಬಿಂದು ಪಟ್ಟಿಯನ್ನು ಒತ್ತಾಯದಿಂದ ಎಳೆದಿಟ್ಟಿತ್ತು ಎಂದರ್ಥ. ಆಮೇಲೆ ಆತ ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ, ಪಟ್ಟಿಯ ಉದ್ದಕ್ಕೆ ಒಂದು ಕಣ್ಣಿನಿಂದ ನೋಡುತ್ತಿದ್ದ. ಹಾಗೆ ನೋಡಿದಾಗ ಉದ್ದ ಕುಗ್ಗಿ ಡೊಂಕು ಎದ್ದು ಕಾಣುತ್ತದೆ. ತೂಕ ಎತ್ತುವುದು, ಬಗ್ಗಿ ನೋಡುವುದು ಎರಡೂ ಪರದೆಯ ಮೇಲೆ ಬೇರೆ ರೂಪದಲ್ಲಿ ಉಳಿದುಕೊಂಡಿವೆ.

ಅಳತೆಪಟ್ಟಿಯಲ್ಲಿನ ತಪ್ಪು: ಒಂದು ಉದಾಹರಣೆ

ಹಳೆಯ ವಿನ್ಯಾಸಗಳು ಅಳತೆಪಟ್ಟಿಯೊಂದಿಗೆ ಬರುತ್ತವೆ. ಪ್ರತಿ ಸ್ಟೇಷನ್ನಿನಲ್ಲಿ ಪ್ರತಿ ರೇಖೆ ನಡುಗೆರೆಯಿಂದ ಎಷ್ಟು ದೂರ, ತಳಗೆರೆಯಿಂದ ಎಷ್ಟು ಎತ್ತರ ಎಂಬುದು ಅದರಲ್ಲಿರುತ್ತದೆ. ಇಂಗ್ಲಿಷ್ ಅಳತೆಯ ಪಟ್ಟಿಗಳಲ್ಲಿ ಅಡಿ, ಇಂಚು, ಇಂಚಿನ ಎಂಟನೇ ಭಾಗ ಎಂದು ಮೂರು ಅಂಕಿಗಳಿರುತ್ತವೆ. ಎಂಟನೇ ಒಂದು ಇಂಚು ಎಂದರೆ 3.2 ಮಿಲಿಮೀಟರ್. ಹಾಗಾಗಿ ಪಟ್ಟಿ ಎಷ್ಟೇ ಎಚ್ಚರದಿಂದ ಸಿದ್ಧವಾಗಿದ್ದರೂ ಪ್ರತಿ ಅಂಕಿಯಲ್ಲೂ ಒಂದೂವರೆ ಮಿಲಿಮೀಟರ್‌ವರೆಗಿನ ಸಂದೇಹ ಇದ್ದೇ ಇರುತ್ತದೆ. ಚಿಕ್ಕ ನಕ್ಷೆಯಿಂದ ಸ್ಕೇಲಿಟ್ಟು ಅಳೆದದ್ದಾದರೆ ಇನ್ನೂ ಹೆಚ್ಚು.

4.2 ಮೀಟರ್ ಉದ್ದದ ಒಂದು ದೋಣಿಯ ಸ್ಟೇಷನ್ನುಗಳು 600 ಮಿಲಿಮೀಟರಿಗೊಂದರಂತೆ ಇವೆ ಎನ್ನೋಣ. ಮೂತಿ 0, ಹಿಂಬದಿಯ ಹಲಗೆ 7. ಒಂದು ಜಲರೇಖೆಯ ಅರ್ಧ ಅಗಲಗಳು ಮಿಲಿಮೀಟರಿನಲ್ಲಿ ಹೀಗಿವೆ: 0, 215, 390, 519, 576, 577, 521, 418. ಇವನ್ನು ಬಿಂದುಗಳಾಗಿ ಹಾಕಿ ವಕ್ರ ಹಾಯಿಸಿದರೆ ಮಾಮೂಲಿ ಪರದೆಯಲ್ಲಿ ಏನೂ ತಪ್ಪು ಕಾಣುವುದಿಲ್ಲ.

ಅಕ್ಕಪಕ್ಕದ ಅಂಕಿಗಳ ವ್ಯತ್ಯಾಸ ತೆಗೆಯಿರಿ: 215, 175, 129, 57, 1, −56, −103. ಈ ವ್ಯತ್ಯಾಸಗಳ ವ್ಯತ್ಯಾಸವನ್ನು ಮತ್ತೊಮ್ಮೆ ತೆಗೆದರೆ −40, −46, −72, −56, −57, −47. ಎರಡನೆಯ ಸಾಲು ರೇಖೆಯ ಬಾಗುವಿಕೆಯನ್ನು ತೋರಿಸುತ್ತದೆ. ಹದವಾದ ರೇಖೆಯಲ್ಲಿ ಅದು ನಿಧಾನವಾಗಿ ಏರಿ ನಿಧಾನವಾಗಿ ಇಳಿಯಬೇಕು. ಇಲ್ಲಿ ಸ್ಟೇಷನ್ 3ರಲ್ಲಿ ಥಟ್ಟನೆ 72ಕ್ಕೆ ಜಿಗಿದು ಮತ್ತೆ 56ಕ್ಕೆ ಬಿದ್ದಿದೆ. ಬಾಗಿನ ತ್ರಿಜ್ಯದ ಲೆಕ್ಕದಲ್ಲಿ ಹೇಳುವುದಾದರೆ ಮೈ ಅಲ್ಲಿ ಸುಮಾರು 5 ಮೀಟರ್ ತ್ರಿಜ್ಯಕ್ಕೆ ಬಾಗಿದೆ. ಸ್ಟೇಷನ್ 2ರಲ್ಲಿ 7.8, ಸ್ಟೇಷನ್ 4ರಲ್ಲಿ 6.4 ಮೀಟರ್.

ಈಗ ತೂಕ ಎತ್ತಬೇಕು. ಸ್ಟೇಷನ್ 3ರ ಬಿಂದುವನ್ನು ಬಿಟ್ಟು 1, 2, 4, 5ರ ಮೂಲಕ ಘನವಕ್ರ ಹಾಯಿಸಿದರೆ ಅದು 3ರಲ್ಲಿ 512ಕ್ಕೆ ಕೂರುತ್ತದೆ. ಅಳತೆಪಟ್ಟಿಯ ಅಂಕಿಗಿಂತ 7 ಮಿಲಿಮೀಟರ್ ಒಳಗೆ. 513 ಎಂದು ಇಟ್ಟು ನೋಡಿದರೆ ಎರಡನೆಯ ಸಾಲು −40, −52, −60, −62, −57, −47 ಆಗುತ್ತದೆ, ಜಿಗಿತ ಮಾಯ. ಆರು ಮಿಲಿಮೀಟರ್ ಎಂದರೆ ಹೆಚ್ಚುಕಡಿಮೆ ಇಂಚಿನ ಎರಡು ಎಂಟನೇ ಭಾಗ. ಮಸುಕಾದ ನಕ್ಷೆಯಲ್ಲಿ 3ನ್ನು 5 ಎಂದು ಓದಿದರೆ ಆಗುವಷ್ಟೇ ತಪ್ಪು.

ಒಂದು ಬಿಂದುವಿನ ತಪ್ಪು ಎರಡನೆಯ ಸಾಲಿನಲ್ಲಿ ಮೂರು ಕಡೆ ಗುರುತು ಬಿಡುತ್ತದೆ: ತನ್ನ ಜಾಗದಲ್ಲಿ ಎರಡರಷ್ಟು, ಎರಡೂ ಬದಿಯಲ್ಲಿ ವಿರುದ್ಧ ದಿಕ್ಕಿಗೆ ಒಂದರಷ್ಟು. ಇಂಥ ಮೂರರ ಗುರುತು ಕಂಡರೆ ತಪ್ಪು ನಡುವಿನ ಬಿಂದುವಿನದು. ಪಕ್ಕದ ಬಿಂದುಗಳನ್ನು ಮುಟ್ಟಬಾರದು. ಆದರೂ ಒಂದೇ ರೇಖೆಯ ಸಾಕ್ಷಿ ಸಾಲದು. ಅದೇ ಜಾಗದ ಹತ್ತಿರ ಹಾದುಹೋಗುವ ಕರ್ಣರೇಖೆಯೂ ಅದೇ ದೂರು ಹೇಳಿದರೆ ಮಾತ್ರ ತಿದ್ದುವುದು ಕ್ಷೇಮ.

ಕಡಿಮೆ ಬಿಂದುಗಳ ಮೇಲ್ಮೈ

ಅಳತೆಪಟ್ಟಿಯ ಎಲ್ಲ ಬಿಂದುಗಳ ಮೂಲಕ ಎಂಟು ಅಡ್ಡಛೇದ ಎಳೆದು, `Loft` ಆಜ್ಞೆಯ ಸಾಮಾನ್ಯ ಬಗೆಯಲ್ಲಿ ಮೈ ಹೊದಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅದರಲ್ಲಿ ಮೈ ಪ್ರತಿ ಅಡ್ಡಛೇದವನ್ನೂ ಮುಟ್ಟಲೇಬೇಕು. ಹಾಗಾಗಿ ಪಟ್ಟಿಯ ಪ್ರತಿ ತಪ್ಪೂ ನಿಷ್ಠೆಯಿಂದ ಮೈಮೇಲೆ ಮೂಡುತ್ತದೆ. ಅಡ್ಡಛೇದಗಳಲ್ಲಿ ನಿಯಂತ್ರಣ ಬಿಂದುಗಳ ಸಂಖ್ಯೆ ಬೇರೆ ಬೇರೆಯಿದ್ದರಂತೂ ಮೇಲ್ಮೈ ಗೆರೆಗಳ ಗೊಂಡಾರಣ್ಯವಾಗಿ, ಆಮೇಲೆ ಕೈಯಿಂದ ತಿದ್ದಲು ಸಾಧ್ಯವೇ ಇಲ್ಲದಂತಾಗುತ್ತದೆ.

ಬಲ್ಲವರು ಹಿಡಿಯುವ ದಾರಿ ಬೇರೆ. ಆರು ಮೂಲವಕ್ರಗಳು, ಪ್ರತಿಯೊಂದಕ್ಕೂ ಆರೇ ನಿಯಂತ್ರಣ ಬಿಂದುಗಳು, ಎಲ್ಲವೂ ಮೂರನೇ ಘಾತದವು. ಮೂಲವಕ್ರಗಳು ಸ್ಟೇಷನ್ನುಗಳ ಮೇಲೆಯೇ ಇರಬೇಕೆಂದಿಲ್ಲ. ಮೊದಲನೆಯದು ಮೂತಿಯ ಆಕಾರ, ಕೊನೆಯದು ಹಿಂಬದಿಯ ಹಲಗೆ, ಉಳಿದವು ನಡುವೆ. ನಂತರ `Loft` ಆಜ್ಞೆಯಲ್ಲಿ `Loose` ಎಂಬ ಬಗೆಯನ್ನು ಆರಿಸಿದರೆ ಮೂಲವಕ್ರಗಳ ನಿಯಂತ್ರಣ ಬಿಂದುಗಳೇ ಮೇಲ್ಮೈಯ ನಿಯಂತ್ರಣ ಬಿಂದುಗಳಾಗುತ್ತವೆ. ಮೈ ಮೊದಲ ಮತ್ತು ಕೊನೆಯ ವಕ್ರಗಳನ್ನು ಮಾತ್ರ ಮುಟ್ಟಿ, ನಡುವಿನವುಗಳ ಒಳಬದಿಯಲ್ಲಿ ಸರಾಗವಾಗಿ ಹಾದುಹೋಗುತ್ತದೆ. ಮೂವತ್ತಾರು ಬಿಂದುಗಳಲ್ಲಿ ಇಡೀ ಅರ್ಧ ಒಡಲು.

ಇದು ಫಲಿಸಲು ಬಿ-ಸ್ಪ್ಲೈನ್ ವಕ್ರಗಳ ಒಂದು ಗುಣ ಕಾರಣ: ನಿಯಂತ್ರಣ ಬಿಂದುಗಳನ್ನು ಜೋಡಿಸುವ ಮುರಿದ ಗೆರೆ ಎಷ್ಟು ಸಲ ಹೊಯ್ದಾಡುತ್ತದೋ ವಕ್ರ ಅದಕ್ಕಿಂತ ಹೆಚ್ಚು ಹೊಯ್ದಾಡಲಾರದು. ಆದ್ದರಿಂದ ಮೈಯನ್ನು ಬಿಟ್ಟು ಬಿಂದುಗಳ ಬಲೆಯನ್ನೇ ಹದಗೊಳಿಸಿದರಾಯಿತು. ಮೂತಿಯಿಂದ ಹಿಂಬದಿಗೆ ಸಾಗುವ ಆರು ಸಾಲುಗಳನ್ನು ಮೇಲಿನಿಂದ ಮತ್ತು ಪಕ್ಕದಿಂದ ನೋಡಿ, ಪ್ರತಿ ಸಾಲೂ ತಾನೇ ಒಂದು ಒಳ್ಳೆಯ ದೋಣಿರೇಖೆಯಂತೆ ಕಾಣುವವರೆಗೆ ಸರಿಸುವುದು. ಈ ಹಂತದಲ್ಲಿ ಅಡ್ಡಛೇದಗಳತ್ತ ಆಗಾಗ ಕಣ್ಣು ಹಾಯಿಸಿದರೆ ಸಾಕು.

ಆಮೇಲೆ ಅಳತೆಪಟ್ಟಿಯ ಬಿಂದುಗಳಿಗೂ ಮೈಗೂ ಎಷ್ಟು ದೂರ ಎಂದು `PointDeviation` ಹೇಳುತ್ತದೆ. ಎಲ್ಲ ಬಿಂದುಗಳೂ 2 ಮಿಲಿಮೀಟರ್ ಒಳಗಿದ್ದು ಸ್ಟೇಷನ್ 3ರದು ಮಾತ್ರ 6 ಮಿಲಿಮೀಟರ್ ಹೊರಗೆ ನಿಂತರೆ, ಅದು ಮೇಲಿನ ಲೆಕ್ಕಕ್ಕೆ ಇನ್ನೊಂದು ಸಾಕ್ಷಿ. ಆ ಒಂದನ್ನು ಹಿಡಿಯಲೆಂದು ಏಳನೆಯ ಸಾಲು ಬಿಂದುಗಳನ್ನು ಸೇರಿಸುವುದು ಕೈಯಾರೆ ಉಬ್ಬು ತಂದುಕೊಂಡಂತೆ.

ಬಾಚಣಿಗೆಯನ್ನು ಓದುವುದು

`CurvatureGraph` ಆಜ್ಞೆ ವಕ್ರದ ಉದ್ದಕ್ಕೂ ಬಾಚಣಿಗೆಯ ಹಲ್ಲುಗಳಂತೆ ಗೆರೆಗಳನ್ನು ನಿಲ್ಲಿಸುತ್ತದೆ. ಬಾಗು ಹೆಚ್ಚಿದ್ದಲ್ಲಿ ಹಲ್ಲು ಉದ್ದ. ಹಲ್ಲುಗಳು ವಕ್ರದ ಒಂದು ಬದಿಯಿಂದ ಇನ್ನೊಂದಕ್ಕೆ ದಾಟಿದರೆ ಅಲ್ಲಿ ರೇಖೆ ಉಬ್ಬಿನಿಂದ ತಗ್ಗಿಗೆ ತಿರುಗಿದೆ. ಕೈಲೆಕ್ಕದ ಎರಡನೆಯ ಸಾಲನ್ನೇ ಇದು ಚಿತ್ರವಾಗಿ ತೋರಿಸುತ್ತದೆ.

ಇಲ್ಲಿ ಎರಡು ಕಡೆ ಮೋಸಹೋಗುವುದುಂಟು. ಮೂರನೇ ಘಾತದ ವಕ್ರದಲ್ಲಿ ತುಂಡುಗಳು ಕೂಡುವಲ್ಲಿ ಬಾಚಣಿಗೆಯ ತುದಿಗೆರೆ ಮೂಲೆಯಾಗಿ ಮುರಿಯುವುದು ಸಹಜ. ಹಲ್ಲಿನ ಉದ್ದ ಜಿಗಿಯದಿದ್ದರೆ ಅದು ದೋಷವಲ್ಲ. ಇನ್ನೊಂದು, `Contour` ಆಜ್ಞೆಯಿಂದ ಮೈಯನ್ನು ಸೀಳಿ ತೆಗೆದ ಜಲರೇಖೆಗಳು ನಿಜವಾದ ಛೇದರೇಖೆಗೆ ನಿಗದಿತ ಸಹಿಷ್ಣುತೆಯೊಳಗೆ ಹೊಂದಿಸಿದ ವಕ್ರಗಳು ಮಾತ್ರ. ಸಹಿಷ್ಣುತೆ ಸಡಿಲವಿದ್ದರೆ ಬಾಚಣಿಗೆ ಕುರುಚಲಾಗಿ ಕಾಣುತ್ತದೆ, ಆ ಕುರುಚಲು ಮೈಯದಲ್ಲ. ಸಂದೇಹವಿದ್ದಾಗ ಸಹಿಷ್ಣುತೆಯನ್ನು ಬಿಗಿಮಾಡಿ ಮತ್ತೆ ಸೀಳಬೇಕು, ಇಲ್ಲವೇ ಬಾಚಣಿಗೆಯನ್ನು ನೇರ ಮೇಲ್ಮೈಯ ಮೇಲೆಯೇ ಹಾಕಬೇಕು.

ಬಗ್ಗಿ ನೋಡುವ ಕೆಲಸಕ್ಕೆ ಈಗ `Scale1D` ಇದೆ. ಜಲರೇಖೆಗಳ ಒಂದು ಪ್ರತಿ ತೆಗೆದು, ಉದ್ದದ ದಿಕ್ಕಿನಲ್ಲಿ ಮಾತ್ರ ಕಾಲುಭಾಗಕ್ಕೆ ಕುಗ್ಗಿಸಿದರೆ ಕಣ್ಣಿಗೆ ಬೀಳದಿದ್ದ ಉಬ್ಬು ಎದ್ದು ನಿಲ್ಲುತ್ತದೆ. ಮೈಯನ್ನು ಮೂಲ ಸ್ಟೇಷನ್ನುಗಳಲ್ಲಷ್ಟೇ ಅಲ್ಲದೆ ಅವುಗಳ ನಡುವೆ, 100 ಮಿಲಿಮೀಟರಿಗೊಂದರಂತೆ ಸೀಳಿ ನೋಡುವುದೂ ಅಗತ್ಯ. ತಪ್ಪುಗಳು ಅಡಗಿಕೊಳ್ಳುವುದು ಯಾರೂ ಅಳೆಯದ ಜಾಗದಲ್ಲಿ.

ರೇಖೆಗಳಲ್ಲಿ ಹೆಚ್ಚು ನಂಬಬೇಕಾದದ್ದು ಕರ್ಣರೇಖೆಗಳನ್ನು. ತಳದ ಬಳಿ ಜಲರೇಖೆಯ ಸಮತಲ ಮೈಯನ್ನು ತೀರಾ ಓರೆಯಾಗಿ ಸೀಳುವುದರಿಂದ ಒಂದು ಮಿಲಿಮೀಟರ್ ತಪ್ಪು ಹತ್ತಾಗಿ ಕಾಣುತ್ತದೆ. ಪಕ್ಕದ ಗೋಡೆಯ ಬಳಿ ಬಟಕ್ ರೇಖೆಗಳ ಪಾಡೂ ಅದೇ. ಕರ್ಣದ ಸಮತಲ ಹೊಟ್ಟೆಯ ತಿರುವನ್ನು ಹೆಚ್ಚುಕಡಿಮೆ ನೇರವಾಗಿ ಸೀಳುತ್ತದೆ, ಹಲಗೆ ಓಡುವ ದಾರಿಗೂ ಹತ್ತಿರವಿರುತ್ತದೆ.

ಮೂತಿ

ಮೂತಿಯಲ್ಲಿ ಬಿಂದುಗಳೆಲ್ಲ ನಡುಗೆರೆಗೆ ಬಂದು ಸೇರುವುದರಿಂದ ಸಾಲುಗಳು ಒತ್ತೊತ್ತಾಗಿ, ಚಿಕ್ಕ ಸರಿತವೂ ದೊಡ್ಡ ಉಬ್ಬಾಗುತ್ತದೆ. ಎರಡನೆಯ ಮೂಲವಕ್ರವನ್ನು ಮೂತಿಗೆ ತೀರಾ ಹತ್ತಿರ ಇಡದಿರುವುದೇ ಇದಕ್ಕೆ ಮದ್ದು.

ಅಚ್ಚುಗಳಿಗೆ ಇಳಿಸುವಾಗ

ಹದಗೊಂಡ ಮೈ ಹಲಗೆಯ ಹೊರಬದಿ. ದೋಣಿ ಕಟ್ಟುವ ಅಚ್ಚು ತಾಗುವುದು ಒಳಬದಿಗೆ. ಹಲಗೆ 9 ಮಿಲಿಮೀಟರ್ ದಪ್ಪವಿದ್ದರೆ ಅಡ್ಡಛೇದದಿಂದ ಎಲ್ಲೆಡೆ 9 ಕಳೆದರೆ ಸಾಲದು. ಮೂತಿಯ ಬಳಿ ಮೈ ನಡುಗೆರೆಗೆ 30 ಡಿಗ್ರಿ ಓರೆಯಾಗಿದ್ದರೆ ಅಡ್ಡಛೇದದ ಸಮತಲದಲ್ಲಿ ಕಳೆಯಬೇಕಾದದ್ದು 10.4. ಇಡೀ ಮೈಯನ್ನೇ `OffsetSrf` ಆಜ್ಞೆಯಿಂದ ಒಳಕ್ಕೆ ಸರಿಸಿ ಆಮೇಲೆ ಸೀಳಿದರೆ ಈ ಲೆಕ್ಕ ತಾನೇ ಆಗುತ್ತದೆ. ಅಚ್ಚಿನ ಹಲಗೆಗೂ ದಪ್ಪವಿದೆ. ಅದನ್ನು ಸ್ಟೇಷನ್ ಗೆರೆಯಿಂದ ದೋಣಿಯ ನಡುಭಾಗದ ಕಡೆಗೆ ಇಡಬೇಕು. ಆ ಕಡೆ ದೋಣಿ ಅಗಲವಾಗುತ್ತ ಹೋಗುವುದರಿಂದ ಅಚ್ಚಿನ ಮೂಲೆ ಹಲಗೆಯನ್ನು ಹೊರಕ್ಕೆ ತಳ್ಳುವುದಿಲ್ಲ, ಓರೆಯಾಗಿ ಕೆತ್ತುವ ಕೆಲಸವೂ ತಪ್ಪುತ್ತದೆ.